ನಿನ್ನೆ ಎಚ್‌ಆರ್ ಆಫೀಸಿನಲ್ಲಿ ಆದ ಮಾತುಕತೆ: ನನ್ನ ಶಿಫ್ಟ್, ಅಲೋವೆನ್ಸ್, ಕ್ರೆಶ್

ಮೇಡಂ, ನಮಸ್ಕಾರ.

ನಿನ್ನೆ, ಜೂನ್ 9ರ ಮಂಗಳವಾರ, ಮಧ್ಯಾಹ್ನ ಊಟ ಆದ ಮೇಲೆ ನನಗಾಗಿ ಬಿಡುವು ಮಾಡಿಕೊಂಡಿದ್ದಕ್ಕೆ ಥ್ಯಾಂಕ್ಸ್. ನೀವು, ಪ್ರೊಡಕ್ಷನ್ ಮ್ಯಾನೇಜರ್ ಸರ್ ಮತ್ತು ನಾನು, ಮೂವರೇ ಇದ್ದೆವು. ಯಾರೂ ಏನೂ ಬರೆದುಕೊಳ್ಳಲಿಲ್ಲ. ಹಾಗಾಗಿ ನನಗೆ ನೆನಪಿರುವುದನ್ನು ಇಲ್ಲಿ ಬರೆದು ಕಳಿಸುತ್ತಿದ್ದೇನೆ.

ಮೊದಲು ಶಿಫ್ಟ್ ವಿಷಯ. ಹೆರಿಗೆ ರಜೆಗೆ ಮುಂಚೆ ನಾನು ಜನರಲ್ ಶಿಫ್ಟ್‌ನಲ್ಲಿ ಕ್ವಾಲಿಟಿ ಲೈನ್ ಲೀಡರ್ ಆಗಿದ್ದೆ. 26 ವಾರದ ರಜೆ ಮುಗಿಸಿ ಬಂದಾಗ ಕೈಗೆ ಸಿಕ್ಕಿದ್ದು ಸೆಕೆಂಡ್ ಶಿಫ್ಟ್‌ನಲ್ಲಿ ಚೆಕ್ಕರ್ ಕೆಲಸ. ಲೀಡರ್ ಅಲೋವೆನ್ಸ್ ಕೂಡ ಹೋಯಿತು. ಇದು ಯಾಕೆ ಎಂದು ಕೇಳಿದಾಗ ಸರ್, "ಲೈನ್ ಖಾಲಿ ಬಿಡೋಕೆ ಆಗಲ್ಲಮ್ಮ, ಬೇರೆಯವರನ್ನ ಹಾಕಿದ್ವಿ" ಎಂದರು. ಇದು ತಾತ್ಕಾಲಿಕ ಎಂದು ನೀವು ಹೇಳಿದಿರಿ. ಎಲ್ಲಿಯವರೆಗೆ ಎಂದು ಕೇಳಿದೆ, ಅದಕ್ಕೆ ಉತ್ತರ ಬರಲಿಲ್ಲ. ಬದಲಾವಣೆಯ ಆರ್ಡರ್ ನಾನು ರಜೆಯಲ್ಲಿದ್ದಾಗಲೇ ಆಗಿದೆ ಎಂದು ಅದರ ಮೇಲಿನ ತಾರೀಖು ತೋರಿಸಿದೆ. ಹೆರಿಗೆ ರಜೆಯಲ್ಲಿರುವವರ ಕೆಲಸದ ಷರತ್ತನ್ನು ಅವರಿಗೆ ನಷ್ಟವಾಗುವ ಹಾಗೆ ಬದಲಾಯಿಸಬಾರದು ಎಂದು ಕಾನೂನಿನಲ್ಲೇ ಇದೆ ಅಲ್ವಾ ಎಂದೂ ಕೇಳಿದೆ. ನೀವು "ನೋಡ್ತೀನಿ" ಎಂದಿರಿ.

ಸೆಕೆಂಡ್ ಶಿಫ್ಟ್ ಬಿಡುವುದು ರಾತ್ರಿ ಹತ್ತೂವರೆಗೆ. ಕಂಪನಿ ಬಸ್ಸು ಶಾಂತಿಗ್ರಾಮದ ಮೇನ್ ರೋಡಿನಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ನಮ್ಮೂರಿಗೆ ನಡೆಯಬೇಕು, ದಾರಿಯಲ್ಲಿ ಲೈಟಿಲ್ಲ. ಸಂಜೆ 7ರ ನಂತರ ಹೆಂಗಸರನ್ನು ಕೆಲಸಕ್ಕೆ ಹಾಕಲು ಅವರ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರ ಫೈಲಿನಲ್ಲಿ ಇರಬೇಕು ಎಂದು ಸರ್ ಹೇಳಿದರು. ನಾನು ಅಂಥ ಯಾವ ಪತ್ರಕ್ಕೂ ಸಹಿ ಹಾಕಿಲ್ಲ. ಇದ್ದರೆ ದಯವಿಟ್ಟು ಒಂದು ಜೆರಾಕ್ಸ್ ಕೊಡಿ.

ಕ್ರೆಶ್ ಬಗ್ಗೆ: ರೂಮ್ ಇದೆ, ಆಯಾ ಸಿಗುತ್ತಿಲ್ಲ ಎಂದಿರಿ. ನಾನು ಹೋಗಿ ನೋಡಿದಾಗ ತೊಟ್ಟಿಲಿನ ಒಳಗೂ ಕಾರ್ಟನ್ ಬಾಕ್ಸ್ ಇತ್ತು. ಐವತ್ತು ಜನ ಇರುವ ಕಡೆಯೇ ಕ್ರೆಶ್ ಬೇಕು ಎಂದಿರುವಾಗ ನಮ್ಮಲ್ಲಿ ಒಂದೊಂದು ಫ್ಲೋರಿನಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದೇವೆ. ತಿಂಗಳ ಕೊನೆಯೊಳಗೆ ಶುರು ಮಾಡುತ್ತೇವೆ ಎಂದು ನೀವು ಒಪ್ಪಿದಿರಿ. ನಿಜಕ್ಕೂ ಖುಷಿಯಾಯಿತು, ನನ್ನೊಬ್ಬಳಿಗೇ ಅಲ್ಲ ಇದು ಬೇಕಾಗಿರುವುದು.

ಹೊರಡುವಾಗ ಸರ್, "ಇದನ್ನೆಲ್ಲ ಬರವಣಿಗೆಗೆ ತರೋದು ಬೇಡ, ನಿನ್ನ ಕೆಲಸಕ್ಕೇ ತೊಂದರೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ನಾನು ಕೆಲಸ ಬಿಡುವ ಮಾತು ಆಡಿಲ್ಲ, ಸೆಕೆಂಡ್ ಶಿಫ್ಟ್‌ಗೆ ಒಪ್ಪಿಯೂ ಇಲ್ಲ. ಉತ್ತರ ಬರುವವರೆಗೆ ಹಾಕಿದ ಶಿಫ್ಟ್‌ಗೆ ಬರುತ್ತೇನೆ, ಅದನ್ನು ಒಪ್ಪಿಗೆ ಎಂದು ತಿಳಿಯಬೇಡಿ.

ಶಿಫ್ಟ್ ಮತ್ತು ಅಲೋವೆನ್ಸ್ ಬಗ್ಗೆ ಮ್ಯಾನೇಜ್‌ಮೆಂಟ್ ಜೊತೆ ಮಾತಾಡಿ ಸೋಮವಾರ, ಜೂನ್ 15ಕ್ಕೆ ತಿಳಿಸುತ್ತೇನೆ ಎಂದಿದ್ದೀರಿ. ಆ ಉತ್ತರ ಮೇಲ್‌ನಲ್ಲೇ ಬರಲಿ. ಮೇಲೆ ಬರೆದದ್ದರಲ್ಲಿ ಏನಾದರೂ ತಪ್ಪಿದ್ದರೆ, ಬಿಟ್ಟುಹೋಗಿದ್ದರೆ, ಅಷ್ಟರೊಳಗೆ ತಿಳಿಸಿ. ಇದರ ಒಂದು ಕಾಪಿ ನನ್ನ ಸ್ವಂತ ಮೇಲ್‌ಗೂ ಹಾಕಿಕೊಂಡಿದ್ದೇನೆ.

ಇಂತಿ,
ಸವಿತಾ
ಕ್ವಾಲಿಟಿ ವಿಭಾಗ, ಹಾಸನ ಯೂನಿಟ್