ಇಂದಿನ 10:30ರ ಸಂದರ್ಶನಕ್ಕೆ 25 ನಿಮಿಷ ತಡ

ನಮಸ್ಕಾರ ಮೇಡಂ, ನಾನು ಚೈತ್ರಾ. ಇವತ್ತು 10:30ಕ್ಕೆ ಐಟಿಪಿಎಲ್ ಆಫೀಸಿನಲ್ಲಿ ಅಕೌಂಟ್ಸ್ ಎಕ್ಸಿಕ್ಯುಟಿವ್ ಹುದ್ದೆಯ ಸಂದರ್ಶನ ಇದೆ.

ಹೆಬ್ಬಾಳದಿಂದ ಬಸ್ಸಿನಲ್ಲಿ ಬರ್ತಿದ್ದೆ. ಟಿನ್ ಫ್ಯಾಕ್ಟರಿ ಹತ್ತಿರ ಲಾರಿ ಕೆಟ್ಟು ನಿಂತಿದೆ, 20 ನಿಮಿಷದಿಂದ ಬಸ್ ಕದಲಿಲ್ಲ. ಈಗ 10:05. ಇಳಿದು ಕೆ.ಆರ್. ಪುರ ಮೆಟ್ರೋಗೆ ನಡೀತಿದ್ದೀನಿ. ಪಟ್ಟಂದೂರು ಅಗ್ರಹಾರದಲ್ಲಿ ಇಳಿದು ಗೇಟ್ ತಲುಪುವಾಗ 10:45, ಸೆಕ್ಯುರಿಟಿ ಪಾಸ್ ಮುಗಿಸಿ ಮೇಲೆ ಬರಲು 10:55 ಆಗುತ್ತೆ.

ತಡವಾಗಿದ್ದಕ್ಕೆ ದಯವಿಟ್ಟು ಕ್ಷಮಿಸಿ. ಪ್ಯಾನೆಲ್‌ನವರು 11ಕ್ಕೆ ತಗೊಳ್ಳಬಹುದಾ? ಇಲ್ಲದಿದ್ದರೆ ಮಧ್ಯಾಹ್ನ ಯಾವ ಸಮಯವಾದರೂ ಸರಿ, ಅಲ್ಲೇ ಕಾಯ್ತೀನಿ. ಈ ಕೆಲಸದ ಮೇಲೆ ತುಂಬಾ ಆಸೆ ಇದೆ ಮೇಡಂ. ರೈಲು ಹತ್ತಿದ ತಕ್ಷಣ ಮೆಸೇಜ್ ಮಾಡ್ತೀನಿ. ರೈಲಿನಲ್ಲಿ ಕರೆ ಕಟ್ ಆದರೆ ವಾಟ್ಸಾಪ್ ನೋಡ್ತಿರ್ತೀನಿ.