ವಡಗೇರಾ ತಾಲೂಕಿನ ಬಹುಗ್ರಾಮ ಕುಡಿಯುವ ನೀರಿನ ಯೋಜನೆ: ಟೆಂಡರ್ ಮೌಲ್ಯಮಾಪನ ವರದಿ

ಟೆಂಡರ್ ಪರಿಶೀಲನಾ ಸಮಿತಿಗೆ,

ಯಾರಿಗೆ ಕೊಡಬೇಕು ಅನ್ನೋದನ್ನ ಮೊದಲೇ ಹೇಳಿಬಿಡುತ್ತೇನೆ. ಕೆಲಸ ಬಿಡ್‌ದಾರ 2ಕ್ಕೆ ಹೋಗಬೇಕು. ಆದರೆ 4.42 ಕೋಟಿ ರೂ. ಹೆಚ್ಚುವರಿ ಭದ್ರತೆ ನಮ್ಮ ಕೈಗೆ ಬಂದ ಮೇಲೆ. ಅದು ಬರುವ ತನಕ ಕರಾರಿಗೆ ಸಹಿ ಬೇಡ.

ಕೆಲಸ ಎಲ್ಲರಿಗೂ ಗೊತ್ತಿರುವುದೇ. ಭೀಮಾ ಹೊಳೆಯಿಂದ ನೀರೆತ್ತಿ, ಶುದ್ಧ ಮಾಡಿ, 18 ಹಳ್ಳಿ ಮತ್ತು 4 ತಾಂಡಾಗಳಿಗೆ ತಲಾ ದಿನಕ್ಕೆ 55 ಲೀಟರ್ ಕೊಡುವುದು. ಈ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರಿಂದಲೇ ಹೊಳೆಗೆ ಹೋಗಬೇಕಾಯಿತು. ಅಂದಾಜು ಮೊತ್ತ 46.80 ಕೋಟಿ ರೂ. ಅದರಲ್ಲಿ ನಿರ್ಮಾಣಕ್ಕೆ 41.60, ಐದು ವರ್ಷದ ನಿರ್ವಹಣೆಗೆ 5.20. ಕೆಲಸ ಮುಗಿಸಲು 18 ತಿಂಗಳು. ಎರಡು ಕವರ್ ಪದ್ಧತಿ. ನಾಲ್ವರು ಬಿಡ್ ಹಾಕಿದ್ದರು, ನಾಲ್ವರ ಇಎಂಡಿಯೂ ಸರಿ ಇದೆ.

ತಾಂತ್ರಿಕ ಕವರ್

ಬಿಡ್‌ದಾರ 3 ಇಲ್ಲಿಗೇ ನಿಂತರು. ಟೆಂಡರ್ ಸಾಮರ್ಥ್ಯದ ಲೆಕ್ಕ `A × N × 1.5 − B`. ಅವರ ಒಂದು ವರ್ಷದ ಗರಿಷ್ಠ ಕೆಲಸ 28 ಕೋಟಿ, ಅವಧಿ ಒಂದೂವರೆ ವರ್ಷ, ಅಂದರೆ 63 ಕೋಟಿ. ಕೈಯಲ್ಲಿರುವ ಕೆಲಸ 14.60 ಕೋಟಿ ಎಂದು ಬರೆದಿದ್ದರು. ಹಾಗಾದರೆ 48.40 ಉಳಿದು ಪಾಸಾಗುತ್ತಿದ್ದರು. ಆದರೆ ಅನುಭವಕ್ಕೆಂದು ಅವರೇ ಲಗತ್ತಿಸಿದ ಒಂದು ಪ್ರಮಾಣಪತ್ರದ ಕೊನೆಯ ಸಾಲಿನಲ್ಲಿ 'ಬಾಕಿ ಕೆಲಸ 7.30 ಕೋಟಿ, ಪ್ರಗತಿಯಲ್ಲಿದೆ' ಅಂತಿದೆ. ಆ ಕೆಲಸ ಪಟ್ಟಿಯಲ್ಲಿಲ್ಲ. ಅದನ್ನೂ ಸೇರಿಸಿದರೆ ಸಾಮರ್ಥ್ಯ 41.10ಕ್ಕೆ ಇಳಿಯುತ್ತದೆ. ಕೇಳಿದ್ದಕ್ಕೆ 'ಕಣ್ತಪ್ಪು' ಎಂದು ಉತ್ತರ ಬಂತು. ಇರಬಹುದು, ಆದರೆ ಲೆಕ್ಕ ಅದಕ್ಕೆ ಬದಲಾಗಲ್ಲ. ಅವರ ದರದ ಕವರ್ ತೆರೆದಿಲ್ಲ.

ಉಳಿದ ಮೂವರ ಪೈಪ್ ಸರಿ ಇದೆ. ಏರುಕೊಳವೆಗೆ 300 ಮಿ.ಮೀ. ಡಿಐ ಕೆ9, ಐಎಸ್ 8329. ಊರೊಳಗಿನ ಲೈನಿಗೆ ಎಚ್‌ಡಿಪಿಇ, ಐಎಸ್ 4984. ಟ್ಯಾಂಕಿನ ವಿನ್ಯಾಸವೂ ಐಎಸ್ 3370ಕ್ಕೆ ಹೊಂದುತ್ತದೆ.

ಪಂಪಿನ ವಿಷಯದಲ್ಲಿ ಸ್ವಲ್ಪ ಹೊತ್ತು ಕೂರಬೇಕಾಯಿತು. ನಮಗೆ ಬೇಕಿರುವುದು ಸೆಕೆಂಡಿಗೆ 56 ಲೀಟರ್, 62 ಮೀಟರ್ ಹೆಡ್, ದಕ್ಷತೆ ಕನಿಷ್ಠ ಶೇ. 72. ಬಿಡ್‌ದಾರ 2 ಖಾತರಿ ನಮೂನೆಯಲ್ಲಿ ಶೇ. 74 ಎಂದು ತುಂಬಿದ್ದಾರೆ. ಜೊತೆಗೆ ಇಟ್ಟ ಗ್ರಾಫಿನ ಮೇಲೆ ಸ್ಕೇಲ್ ಇಟ್ಟು 56ರಿಂದ ಗೆರೆ ಎಳೆದರೆ ಶೇ. 68ಕ್ಕೆ ಹೋಗಿ ತಾಗುತ್ತದೆ. 74 ಸಿಗುವುದು 70 ಲೀಟರಿನ ಹತ್ತಿರ, ಅದು ನಮ್ಮ ಪಂಪ್ ಯಾವತ್ತೂ ಓಡದ ಜಾಗ. ಕರೆಂಟ್ ಬಿಲ್ ಕಟ್ಟುವವರು ನಾವು. ದಿನಕ್ಕೆ 20 ತಾಸಿನಂತೆ 74ಕ್ಕೂ 68ಕ್ಕೂ ಇರುವ ಈ ವ್ಯತ್ಯಾಸ ವರ್ಷಕ್ಕೆ ಹತ್ತಿರತ್ತಿರ 30 ಸಾವಿರ ಯೂನಿಟ್ ಆಗುತ್ತದೆ. ಸ್ಪಷ್ಟನೆ ಕೇಳಿದೆವು. ಗ್ರಾಫ್ ಬೇರೆ ಇಂಪೆಲ್ಲರಿನದು, 74ರ ಖಾತರಿ ಹಾಗೇ ಇದೆ, ಕಾರ್ಖಾನೆಯಲ್ಲಿ ನಿಮ್ಮೆದುರೇ ಟೆಸ್ಟ್ ಮಾಡಿಸುತ್ತೇವೆ ಎಂದು ಬರೆದುಕೊಟ್ಟು ಸರಿಯಾದ ಗ್ರಾಫ್ ಕಳಿಸಿದ್ದಾರೆ. ಖಾತರಿಯ ಅಂಕಿ ಬದಲಾಗಿಲ್ಲವಾದ್ದರಿಂದ ಒಪ್ಪಿದ್ದೇವೆ. ಟೆಸ್ಟಿಗೆ ನಮ್ಮವರು ಹೋಗಲೇಬೇಕು, ಸುಮ್ನೆ ಸರ್ಟಿಫಿಕೇಟ್ ತರಿಸಿಕೊಂಡು ಫೈಲಿಗೆ ಹಾಕುವುದಲ್ಲ.

ದರ (ಕೋಟಿ ರೂ.)

| | ನಿರ್ಮಾಣ | 5 ವರ್ಷ ನಿರ್ವಹಣೆ | ಒಟ್ಟು | ಅಂದಾಜಿಗೆ ಹೋಲಿಸಿದರೆ |
|---|---|---|---|---|
| ಬಿಡ್‌ದಾರ 2 | 40.38 | 0.78 | 41.16 | ಶೇ. 12.05 ಕಡಿಮೆ |
| ಬಿಡ್‌ದಾರ 1 | 40.21 | 5.15 | 45.36 | ಶೇ. 3.08 ಕಡಿಮೆ |
| ಬಿಡ್‌ದಾರ 4 | 44.11 | 5.50 | 49.61 | ಶೇ. 6.00 ಜಾಸ್ತಿ |

ಬಿಡ್‌ದಾರ 4ರ ಬಗ್ಗೆ ಹೇಳುವುದೇನಿಲ್ಲ, ದರ ಜಾಸ್ತಿ. ಮೇಲಿನ ಎರಡು ಸಾಲು ನೋಡಿ. ಒಟ್ಟಿನಲ್ಲಿ ಬಿಡ್‌ದಾರ 2 ಅವರದು 4.20 ಕೋಟಿ ಕಡಿಮೆ. ನಿರ್ಮಾಣದಲ್ಲಿ ಮಾತ್ರ ಬಿಡ್‌ದಾರ 1ಕ್ಕಿಂತ 17 ಲಕ್ಷ ಜಾಸ್ತಿ! ಅಂದರೆ ಅಗ್ಗ ಆಗಿರುವುದು ಪೂರ್ತಿ ನಿರ್ವಹಣೆಯ ಕಾಲಮ್ಮಿನಲ್ಲೇ.

78 ಲಕ್ಷವನ್ನು 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 1.30 ಲಕ್ಷ. ಶುದ್ಧೀಕರಣ ಘಟಕದಲ್ಲಿ ಪಾಳಿಗೆ ಇಬ್ಬರಂತೆ ಆರು ಜನ, ಜಾಕ್‌ವೆಲ್‌ಗೆ ಮೂವರು, ವಾಲ್ವ್ ತಿರುಗಿಸಲು ಆರು ಜನ. 15 ಜನಕ್ಕೆ ತಲಾ 8,666 ರೂ. ಕನಿಷ್ಠ ವೇತನಕ್ಕೇ ಸಾಲಲ್ಲ, ಇನ್ನು ಆಲಂ, ಬ್ಲೀಚಿಂಗ್ ಪೌಡರ್, ಸುಟ್ಟ ಮೋಟಾರಿನ ರಿವೈಂಡಿಂಗ್ ಎಲ್ಲಿಂದ? ಐಟಂ ದರಗಳಲ್ಲೂ ಅದೇ ಕಥೆ. ಪೈಪ್ ಸರಬರಾಜು ಅಂದಾಜಿಗಿಂತ ಶೇ. 9 ಜಾಸ್ತಿ, ಜೋಡಣೆ ಮತ್ತು ಒತ್ತಡ ಪರೀಕ್ಷೆ ಶೇ. 30 ಕಡಿಮೆ. ಪೈಪ್ ತಂದು ರಸ್ತೆ ಬದಿ ಸುರಿದ ದಿನವೇ ಲಾಭ ಎಣಿಸಿಕೊಂಡು, ನೀರು ಹರಿಸುವ ಹೊತ್ತಿಗೆ ಆಸಕ್ತಿ ಉಳಿಯದ ದರ ಇದು.

ಅಪಾಯ

ಜಾಕ್‌ವೆಲ್ ಕೆಲಸಕ್ಕೆ ಹೊಳೆ ಬಿಡುವು ಕೊಡುವುದು ಡಿಸೆಂಬರಿನಿಂದ ಮೇ ತನಕ. 2020ರ ಅಕ್ಟೋಬರಿನಲ್ಲಿ ಭೀಮೆ ಏನು ಮಾಡಿತು ಅಂತ ದಂಡೆಯ ಊರಿನವರನ್ನು ಕೇಳಿದರೆ ಸಾಕು. ಬಿಡ್‌ದಾರ 1 ತಮ್ಮ ವೇಳಾಪಟ್ಟಿಯಲ್ಲಿ ಅಗೆತವನ್ನು ಡಿಸೆಂಬರಿಗೇ ಇಟ್ಟಿದ್ದಾರೆ. ಬಿಡ್‌ದಾರ 2 ಜುಲೈಗೆ ಇಟ್ಟಿದ್ದಾರೆ. ಜಾಗ ನೋಡಿದವರು ಹೀಗೆ ಬರೆಯಲ್ಲ. ಇನ್ನು ಪೈಪ್ ಲೈನಿನ ಬಹುಪಾಲು ಎರೆ ಭೂಮಿ. ಮಳೆಯಲ್ಲಿ ಜೆಸಿಬಿಯೇ ಹೂತು ನಿಲ್ಲುತ್ತದೆ, ಬೇಸಿಗೆಯಲ್ಲಿ ನೆಲ ಬಿರಿದು ಪೈಪನ್ನು ಎಳೆದಾಡುತ್ತದೆ. ಕೆಳಗೆ ಮರಳಿನ ಹಾಸು ಸರಿಯಾಗಿ ಬೀಳದಿದ್ದರೆ ಎರಡನೇ ವರ್ಷವೇ ಜಾಯಿಂಟ್ ಬಿಡುತ್ತದೆ. ಅದನ್ನು ರಿಪೇರಿ ಮಾಡಬೇಕಾದವರು ಅದೇ 1.30 ಲಕ್ಷದವರು.

ಹಾಗಾದರೆ ಬಿಡ್‌ದಾರ 1ಕ್ಕೇ ಕೊಡಬಹುದಲ್ವಾ ಎಂದು ಸಭೆಯಲ್ಲಿ ಇಬ್ಬರು ಕೇಳಿದರು. ನನ್ನ ಮನಸ್ಸೂ ಅಲ್ಲೇ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಕೆಟಿಪಿಪಿ ಕಾಯ್ದೆ 1999ರ ಕಲಂ 13ರ ಪ್ರಕಾರ, ದರದ ಜೊತೆ ಬೇರೆ ಅಂಶಗಳನ್ನು ತೂಗಬೇಕಾದರೆ ಅವು ಟೆಂಡರ್ ದಾಖಲೆಯಲ್ಲಿ ಮೊದಲೇ ಇರಬೇಕು. ನಾವು ಅಪಾಯಕ್ಕೆ ಅಂಕ ಇಟ್ಟಿರಲಿಲ್ಲ. ಈಗ ಇಟ್ಟರೆ ಕಲಂ 16ರಡಿ ಮೇಲ್ಮನವಿ ಬರುತ್ತದೆ, ನಾವು ಸೋಲುತ್ತೇವೆ. ಮರುಟೆಂಡರ್ ಮಾಡಿದರೆ ಈ ಬೇಸಿಗೆ ಕೈಬಿಟ್ಟಂತೆ.

ನಮ್ಮ ದಾಖಲೆಯಲ್ಲಿ ಅಸಮತೋಲನ ದರದ ಷರತ್ತು ಮಾತ್ರ ಇದೆ. ಅಂಥ ದರ ಬಂದಾಗ ವಿಶ್ಲೇಷಣೆ ಕೇಳಬಹುದು, ಭದ್ರತಾ ಠೇವಣಿ ಏರಿಸಬಹುದು. ವಿಶ್ಲೇಷಣೆ ಕೇಳಿದ್ದೇವೆ. ಬಂದಿರುವುದು ಒಂದೇ ಪುಟ, 'ಕಂಪನಿಯ ಇತರ ಕೆಲಸಗಳ ಸಿಬ್ಬಂದಿಯನ್ನು ಬಳಸಲಾಗುವುದು' ಎಂದು. ಅವರ ಹತ್ತಿರದ ಕೆಲಸ ಬೀದರ್ ಜಿಲ್ಲೆಯಲ್ಲಿದೆ! ಅಲ್ಲಿಂದ ದಿನಾ ಬಂದು ವಡಗೇರಾದಲ್ಲಿ ವಾಲ್ವ್ ತಿರುಗಿಸುತ್ತಾರಾ?

ಆದ್ದರಿಂದ 41.16 ಕೋಟಿಗೆ ಬಿಡ್‌ದಾರ 2 ಅವರನ್ನು ಶಿಫಾರಸು ಮಾಡುತ್ತೇನೆ. ನಿರ್ವಹಣೆಯ ಅಂದಾಜಿಗೂ ಅವರ ದರಕ್ಕೂ ಇರುವ ವ್ಯತ್ಯಾಸ 4.42 ಕೋಟಿಗೆ, ಐದು ವರ್ಷವೂ ಮುಗಿಯುವ ತನಕ ಚಾಲ್ತಿಯಲ್ಲಿರುವ ಬ್ಯಾಂಕ್ ಗ್ಯಾರಂಟಿ ಪಡೆಯಬೇಕು. ಜಾಕ್‌ವೆಲ್ ಅಗೆತ ಡಿಸೆಂಬರಿಗೆ ಬರುವಂತೆ ವೇಳಾಪಟ್ಟಿ ತಿದ್ದಿಸಿಕೊಳ್ಳಬೇಕು. ಒತ್ತಡ ಪರೀಕ್ಷೆ ಆಗದ ಲೈನಿಗೆ ಕರಾರಿನಲ್ಲಿ ಈಗಾಗಲೇ ಇರುವ ಕೊನೆಯ ಶೇ. 10 ಬಿಲ್ ಯಾರು ಫೋನ್ ಮಾಡಿದರೂ ಬಿಡಬಾರದು. ಗ್ಯಾರಂಟಿ ಕೊಡದಿದ್ದರೆ ಇಎಂಡಿ ಮುಟ್ಟುಗೋಲು, ಆಮೇಲಿನ ದಾರಿ ನಿಯಮದಂತೆ.

ಬಿಡ್‌ಗಳ 90 ದಿನದ ಸಿಂಧುತ್ವದಲ್ಲಿ 61 ದಿನ ಕಳೆದಿವೆ. ಸಮಿತಿ ಮುಂದಿನ ವಾರ ಕೂತರೆ ಒಳ್ಳೆಯದು.

ಸಹಾಯಕ ಕಾರ್ಯಪಾಲಕ ಎಂಜಿನಿಯರ್, ಯಾದಗಿರಿ