ಪಾಸ್‌ಪೋರ್ಟ್ ಕಳೆದುಹೋದ ಬಗ್ಗೆ ವಿವರಣೆ ಮತ್ತು ತುರ್ತು ಪ್ರಯಾಣಪತ್ರಕ್ಕಾಗಿ ಮನವಿ

ದುಬೈ
13 ನವೆಂಬರ್ 2025

ಇವರಿಂದ:
ಸದಾಶಿವ ರೈ
ಊರಿನ ವಿಳಾಸ: ಪೆರ್ಲ, ಎಣ್ಮಕಜೆ ಗ್ರಾಮ, ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ, ಕೇರಳ
ಈಗಿನ ವಾಸ: ದೇರಾ, ದುಬೈ

ಇವರಿಗೆ:
ಮಾನ್ಯ ಕಾನ್ಸುಲ್ ಜನರಲ್ ಅವರು
ಭಾರತದ ಕಾನ್ಸುಲೇಟ್, ದುಬೈ

ಮಾನ್ಯರೇ,

ವಿಷಯ: ಕಳೆದುಹೋದ ಪಾಸ್‌ಪೋರ್ಟಿಗೆ ಬದಲಾಗಿ ಊರಿಗೆ ಹೋಗಲು ಎಮರ್ಜೆನ್ಸಿ ಸರ್ಟಿಫಿಕೇಟ್ ಕೋರಿ.

ನಾನು ದುಬೈಯ ಒಂದು ದಿನಸಿ ಸಗಟು ಸಂಸ್ಥೆಯಲ್ಲಿ ಲೆಕ್ಕಪತ್ರ ವಿಭಾಗದ ನೌಕರ. ನನ್ನ ತಂದೆ ದೂಮಣ್ಣ ರೈ ಅವರು ಈ ತಿಂಗಳ 9ರಂದು ಪೆರ್ಲದ ಮನೆಯಲ್ಲಿ ತೀರಿಕೊಂಡರು. ಮರುದಿನ ರಾತ್ರಿಯ ಮಂಗಳೂರು ವಿಮಾನಕ್ಕೆ ಟಿಕೆಟ್ ಮಾಡಿಸಲು 10ರಂದು ಬೆಳಿಗ್ಗೆ ನೈಫ್ ಪ್ರದೇಶದ ಒಂದು ಟ್ರಾವೆಲ್ಸ್ ಕಚೇರಿಗೆ ಹೋಗಿದ್ದೆ. ಅಲ್ಲಿ ಗುಮಾಸ್ತರಿಗೆ ಪಾಸ್‌ಪೋರ್ಟ್ ತೋರಿಸಿ, ಟಿಕೆಟ್ ಪಡೆದು, ಎರಡನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಹೆಗಲ ಚೀಲಕ್ಕೆ ಹಾಕಿ ಜಿಪ್ ಎಳೆದುಕೊಂಡಿದ್ದೆ. ಜನದಟ್ಟಣೆಯ ರಸ್ತೆಯಲ್ಲಿ ನಡೆದು ವಸತಿಗೆ ಬಂದಾಗ ಜಿಪ್ ತೆರೆದಿತ್ತು, ಕವರ್ ಇರಲಿಲ್ಲ. ಕೂಡಲೇ ಹಿಂದಿರುಗಿ ಬಂದ ದಾರಿಯಲ್ಲೂ ಆ ಕಚೇರಿಯಲ್ಲೂ ವಿಚಾರಿಸಿದೆ, ಅದು ಸಿಗಲಿಲ್ಲ. ಅಂದೇ ಮಧ್ಯಾಹ್ನ ನೈಫ್ ಪೊಲೀಸ್ ಠಾಣೆಗೆ ದೂರು ಕೊಟ್ಟೆ. ಅರಬ್ಬಿಯಲ್ಲಿರುವ ದೂರಿನ ಪ್ರಮಾಣಪತ್ರವನ್ನು ಇಂಗ್ಲಿಷ್ ಅನುವಾದದೊಂದಿಗೆ ಲಗತ್ತಿಸಿದ್ದೇನೆ. ಎಮಿರೇಟ್ಸ್ ಗುರುತುಚೀಟಿ ಪರ್ಸಿನಲ್ಲಿದ್ದುದರಿಂದ ಅದು ನನ್ನ ಬಳಿಯೇ ಇದೆ.

ಕಳೆದುಹೋದ ಪಾಸ್‌ಪೋರ್ಟ್ 2018ರಲ್ಲಿ ಕೋಯಿಕ್ಕೋಡ್‌ನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯಿಂದ ಸಿಕ್ಕಿದ್ದು, ಅದರ ಅವಧಿ ಇನ್ನೂ ಮುಗಿದಿರಲಿಲ್ಲ. ಅದರ ಸಂಖ್ಯೆ ಮತ್ತು ಇತರ ವಿವರಗಳು ಲಗತ್ತಿಸಿದ ಜೆರಾಕ್ಸ್ ಪ್ರತಿಯಲ್ಲಿವೆ.

ಗುರುತಿನ ದಾಖಲೆಗಳ ವಿಷಯದಲ್ಲಿ ಒಂದು ಸಂಗತಿಯನ್ನು ಮೊದಲೇ ಹೇಳಬೇಕಾಗಿದೆ. ಕಾಸರಗೋಡಿನ ಕನ್ನಡಿಗರಾದ ನಮ್ಮ ಹೆಸರುಗಳು ಒಂದು ಕಚೇರಿಯಲ್ಲಿ ಕನ್ನಡ ಉಚ್ಚಾರದಂತೆ, ಇನ್ನೊಂದರಲ್ಲಿ ಮಲಯಾಳದ ರೂಢಿಯಂತೆ ಇಂಗ್ಲಿಷಿಗೆ ಹೋಗುತ್ತವೆ. ಹೀಗಾಗಿ ನನ್ನ ಹೆಸರಿನ ‘ಶಿ’ ಅಕ್ಷರಕ್ಕೆ ಪಾಸ್‌ಪೋರ್ಟಿನಲ್ಲಿ ಎಸ್ ನಂತರ ಎಚ್ ಇದೆ. ಆಧಾರ್ ಮತ್ತು ಪಡಿತರ ಚೀಟಿಯಲ್ಲಿ ಆ ಎಚ್ ಇಲ್ಲ. ಜನ್ಮದಿನಾಂಕ, ತಂದೆತಾಯಿಯರ ಹೆಸರು, ವಿಳಾಸ ಎಲ್ಲದರಲ್ಲೂ ಒಂದೇ ಆಗಿವೆ. ಎರಡೂ ಬರಹ ಒಬ್ಬನದೇ ಎಂದು ತೋರಿಸಲು ಎಣ್ಮಕಜೆಯ ಗ್ರಾಮಾಧಿಕಾರಿಯವರಿಂದ ಪಡೆದ ‘ಒಬ್ಬನೇ ವ್ಯಕ್ತಿ’ ಎಂಬ ಪ್ರಮಾಣಪತ್ರದ ಸ್ಕ್ಯಾನ್ ಪ್ರತಿಯನ್ನು ಅಕ್ಕ ಕಳುಹಿಸಿದ್ದಾರೆ. ಈ ಒಂದು ಅಕ್ಷರದ ವ್ಯತ್ಯಾಸದಿಂದ ಪರಿಶೀಲನೆ ತಡವಾಗದಂತೆ ನೋಡಿಕೊಳ್ಳಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಸರ್ಟಿಫಿಕೇಟಿನಲ್ಲಿ ನನ್ನ ಹೆಸರು ಪಾಸ್‌ಪೋರ್ಟಿನಲ್ಲಿದ್ದ ಹಾಗೆಯೇ ಬರಲಿ ಎಂಬುದೂ ನನ್ನ ಕೋರಿಕೆ, ಏಕೆಂದರೆ ಇಲ್ಲಿನ ನನ್ನ ವಾಸದ ಪರವಾನಿಗೆ ಅದೇ ಬರಹದಲ್ಲಿದೆ.

ತಂದೆಯವರ ದಹನಕ್ಕೆ ನಾನು ತಲುಪಲಾಗಲಿಲ್ಲ. ಇದೇ 21ರಂದು ಉತ್ತರಕ್ರಿಯೆ ನಡೆಯಬೇಕು. ನಾನು ಅವರ ಒಬ್ಬನೇ ಮಗ. ತಾಯಿ ಈಗ ಮನೆಯಲ್ಲಿ ಬಂಧುಗಳ ಆಸರೆಯಲ್ಲಿದ್ದಾರೆ. ಅಕ್ಕ ಮಂಗಳೂರಿನಿಂದ ಬಂದಿದ್ದರೂ ಅವರು ಹೆಚ್ಚು ದಿನ ಉಳಿಯಲಾರರು. ದುಬೈಯಲ್ಲಿಯೇ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಕೊಟ್ಟು, ಪರಿಶೀಲನೆ ಮುಗಿದು ಅದು ಕೈಸೇರುವವರೆಗೆ ಕಾಯಲು ಈ ದಿನಗಳಲ್ಲಿ ಸಾಧ್ಯವಿಲ್ಲ. ಅದಕ್ಕಾಗಿಯೇ ಭಾರತಕ್ಕೆ ಒಂದು ಸಲ ಮಾತ್ರ ಪ್ರಯಾಣ ಮಾಡಲು ಸಲ್ಲುವ ಎಮರ್ಜೆನ್ಸಿ ಸರ್ಟಿಫಿಕೇಟನ್ನು ಕೇಳುತ್ತಿದ್ದೇನೆ. ಅದು ದೊರೆತ ಬಳಿಕ ಇಲ್ಲಿನ ವಲಸೆ ಇಲಾಖೆಯಲ್ಲಿ ನಿರ್ಗಮನದ ಅನುಮತಿ ಪಡೆಯುವ ಕೆಲಸವೂ ಉಳಿಯುತ್ತದೆಯಾದ್ದರಿಂದ, 17ರೊಳಗೆ ದಯಪಾಲಿಸಿದರೆ ಕ್ರಿಯೆಗೆ ಮೊದಲು ಮನೆ ಸೇರಬಲ್ಲೆ. ಟ್ರಾವೆಲ್ಸ್‌ನವರು ಟಿಕೆಟಿನ ದಿನಾಂಕ ಬದಲಿಸಿಕೊಡಲು ಒಪ್ಪಿದ್ದಾರೆ.

ಊರು ತಲುಪಿದ ಮೇಲೆ ಅಲ್ಲಿಯೇ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಸಲ್ಲಿಸುತ್ತೇನೆ. ಯುಎಇಯ ಹೊರಗೆ ಆರು ತಿಂಗಳು ದಾಟಿದರೆ ವಾಸದ ಪರವಾನಿಗೆ ರದ್ದಾಗುವ ಸಂಭವವಿದೆ. ಅದಕ್ಕೆ ಮೊದಲೇ ಕೆಲಸಕ್ಕೆ ಮರಳುವುದು ನನ್ನ ಉದ್ದೇಶ. ಇದಕ್ಕೆ ಸಂಸ್ಥೆಯ ಒಪ್ಪಿಗೆಯಿದ್ದು, ಅವರ ಆಕ್ಷೇಪರಹಿತ ಪತ್ರ ಇದರೊಂದಿಗಿದೆ.

ಕಳೆದುಹೋದ ಪಾಸ್‌ಪೋರ್ಟನ್ನು ನಾನು ಯಾರಿಗೂ ಕೊಟ್ಟಿಲ್ಲ, ಒತ್ತೆಯಿಟ್ಟಿಲ್ಲ. ಅದು ಬೇರೆಯವರ ಕೈಯಲ್ಲಿ ದುರುಪಯೋಗವಾಗದಂತೆ ತಮ್ಮ ದಾಖಲೆಯಲ್ಲಿ ರದ್ದುಪಡಿಸಬೇಕೆಂದು ವಿನಂತಿಸುತ್ತೇನೆ. ಮುಂದೆ ಎಂದಾದರೂ ಅದು ಸಿಕ್ಕಿದರೆ ಪ್ರಯಾಣಕ್ಕೆ ಬಳಸದೆ ಸಂಬಂಧಪಟ್ಟ ಕಚೇರಿಗೆ ಒಪ್ಪಿಸುತ್ತೇನೆ.

ಅರ್ಜಿ ನಮೂನೆಯನ್ನು ಇಂಗ್ಲಿಷಿನಲ್ಲಿ ತುಂಬಿದ್ದೇನೆ. ನಾನು ಕನ್ನಡ ಮಾಧ್ಯಮದಲ್ಲಿ ಕಲಿತವನಾದುದರಿಂದ, ನಡೆದುದನ್ನು ಒಂದಿಷ್ಟೂ ತಪ್ಪಿಲ್ಲದೆ ಹೇಳಲು ಈ ವಿವರಣೆಯನ್ನು ಕನ್ನಡದಲ್ಲಿ ಬರೆದು ಇಂಗ್ಲಿಷ್ ಅನುವಾದವನ್ನು ಜೊತೆಗಿಟ್ಟಿದ್ದೇನೆ. ಭಾವಚಿತ್ರಗಳು, ಎಮಿರೇಟ್ಸ್ ಗುರುತುಚೀಟಿ ಹಾಗೂ ಆಧಾರ್‌ನ ಪ್ರತಿಗಳು ಮತ್ತು ಎಣ್ಮಕಜೆ ಗ್ರಾಮ ಪಂಚಾಯತಿನಲ್ಲಿ ನೋಂದಾಯಿಸಿದ ತಂದೆಯವರ ಮರಣ ಪ್ರಮಾಣಪತ್ರವೂ ಇದರೊಂದಿಗಿವೆ. ಶುಲ್ಕವನ್ನು ಅರ್ಜಿಯೊಂದಿಗೆ ಪಾವತಿಸುತ್ತೇನೆ. ವಿಚಾರಣೆಗೆ ಯಾವ ಹೊತ್ತಿಗೆ ಕರೆದರೂ ಮೂಲ ದಾಖಲೆಗಳೊಡನೆ ಹಾಜರಾಗುತ್ತೇನೆ. ಮೇಲೆ ಹೇಳಿದ್ದೆಲ್ಲವೂ ನನ್ನ ಅರಿವಿನಂತೆ ಸತ್ಯವೆಂದು ದೃಢೀಕರಿಸುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ)
ಸದಾಶಿವ ರೈ